ನೇತ್ರಾಣಿಗೆ ಡೈವಿಂಗ್: ಹೊರಡುವ ಮುನ್ನ ಮಾಡಬೇಕಾದ್ದು, ಮಾಡಬಾರದ್ದು

ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ನೇತ್ರಾಣಿ ದ್ವೀಪ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು ಬರುವವರೇ ಇಲ್ಲಿ ಹೆಚ್ಚು. ಬೆಳಿಗ್ಗೆ ದೋಣಿ ಹತ್ತುವ ಗಡಿಬಿಡಿಯಲ್ಲಿ ಆರೋಗ್ಯದ ಫಾರಂ ಕೈಗೆ ಬರುತ್ತದೆ. ದುಡ್ಡು ಕಟ್ಟಿ ಆಗಿದೆ, ಜೊತೆಯವರು ಕಾಯುತ್ತಿದ್ದಾರೆ. ಹೀಗಾಗಿ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕಿಬಿಡುತ್ತಾರೆ. ನೀರಿಗೆ ಇಳಿಯಬೇಕೋ ಬೇಡವೋ ಎಂಬುದು ಮನೆಯಲ್ಲೇ ತೀರ್ಮಾನವಾಗಬೇಕು.

ಮಾಡಬೇಕಾದ್ದು

1. ಆರೋಗ್ಯದ ಫಾರಂ ಅನ್ನು ಎರಡು ವಾರ ಮೊದಲೇ ತರಿಸಿಕೊಳ್ಳಿ. ಡೈವಿಂಗ್ ಸಂಸ್ಥೆಗಳು ಸಾಮಾನ್ಯವಾಗಿ ಬಳಸುವ ಫಾರಂನಲ್ಲಿ ಹತ್ತು ಮುಖ್ಯ ಪ್ರಶ್ನೆಗಳಿರುತ್ತವೆ. ಒಂದು ತಂಡವನ್ನು ಊಹಿಸಿಕೊಳ್ಳಿ. ಅದರಲ್ಲಿ 47 ವರ್ಷದ ಒಬ್ಬರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಇನ್ನೊಬ್ಬ ಯುವಕನಿಗೆ ಈ ವರ್ಷ ಉಬ್ಬಸ ಬಂದು ಓಡುವುದು ನಿಂತಿದೆ. ಇಬ್ಬರ ಉತ್ತರವೂ ‘ಹೌದು’. ಹಾಗೆಂದ ಮಾತ್ರಕ್ಕೆ ಅವರು ಇಳಿಯಲೇಬಾರದು ಎಂದಲ್ಲ. ವೈದ್ಯರು ಪರೀಕ್ಷಿಸಿ ಫಾರಂಗೆ ಸಹಿ ಹಾಕಿದರೆ ಮಾತ್ರ ಇಳಿಯಬಹುದು. ಎರಡು ವಾರ ಬೇಕಾಗುವುದು ಇದಕ್ಕೇ. ವೈದ್ಯರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

2. ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಎಂದು ತಿಳಿದುಕೊಳ್ಳಿ. ನೇತ್ರಾಣಿಯಲ್ಲಿ ಹೆಚ್ಚಿನವರು ಮಾಡುವುದು ಪರಿಚಯದ ಡೈವ್. ಇದರ ಆಳದ ಮಿತಿ 12 ಮೀಟರ್, ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರಬೇಕು. ಇದಕ್ಕೆ ಸಿಗುವ ಪ್ರಮಾಣಪತ್ರ ಬರೀ ನೆನಪಿಗೆ. 18 ಮೀಟರ್‌ವರೆಗೆ ಜೊತೆಗಾರರೊಂದಿಗೆ ಇಳಿಯಲು ಬಿಡುವುದು ಓಪನ್ ವಾಟರ್ ಕಾರ್ಡ್. ಅದಕ್ಕೆ ಪಾಠ, ಈಜುಕೊಳದ ಅಭ್ಯಾಸ, ಕಡಲಲ್ಲಿ ನಾಲ್ಕು ಡೈವ್ ಎಲ್ಲ ಸೇರಿ ಮೂರು ನಾಲ್ಕು ದಿನ ಬೇಕು. ಒಂದೇ ದಿನದಲ್ಲಿ ಕಾರ್ಡ್ ಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ.

3. ಆಪರೇಟರ್‌ಗೆ ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿ. ನನ್ನ ಜೊತೆ ಇಳಿಯುವ ಇನ್‌ಸ್ಟ್ರಕ್ಟರ್ ಯಾರು, ಅವರ ಸದಸ್ಯ ಸಂಖ್ಯೆ ಏನು? ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಹೊಸಬರು? ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯೇ? ಕಡಲು ಕೆಟ್ಟರೆ ದುಡ್ಡು ಮರಳಿ ಕೊಡುತ್ತೀರಾ? ಸದಸ್ಯ ಸಂಖ್ಯೆಯನ್ನು ಪ್ಯಾಡಿ ಅಥವಾ ಎಸ್‌ಎಸ್‌ಐ ಸಂಸ್ಥೆಯಲ್ಲಿ ನೀವೇ ಪರಿಶೀಲಿಸಿ. ಈಜು ಬಾರದವರಿಗೆ ಒಬ್ಬರಿಗೊಬ್ಬ ಇನ್‌ಸ್ಟ್ರಕ್ಟರ್ ಬೇಕೆಂದೇ ಹೇಳಿ. ದುಡ್ಡು ಮರಳಿ ಕೊಡದ ಆಪರೇಟರ್ ಅಲೆ ಎದ್ದ ದಿನವೂ ದೋಣಿ ಬಿಡಬಹುದು. ಕೊನೆಯ ಪ್ರಶ್ನೆ ಅದಕ್ಕಾಗಿ.

4. ಮೊದಲ ಕೆಲವು ಮೀಟರ್ ನಿಧಾನವಾಗಿ ಇಳಿಯಿರಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಕಿವಿಗೆ ಅದು ತಟ್ಟುವುದು ಮೊದಲ ಕೆಲವು ಮೀಟರ್‌ಗಳಲ್ಲೇ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ, ನೋವು ಶುರುವಾಗುವ ಮೊದಲೇ. ಕಿವಿ ಬಿಡದಿದ್ದರೆ ತುಸು ಮೇಲೇರಿ ಮತ್ತೆ ಪ್ರಯತ್ನಿಸಿ. ಆಗಲೂ ಬಿಡದಿದ್ದರೆ ಇನ್‌ಸ್ಟ್ರಕ್ಟರ್‌ಗೆ ಸನ್ನೆ ಮಾಡಿ ವಾಪಸ್ ಬನ್ನಿ.

ಮಾಡಬಾರದ್ದು

1. ನೆಗಡಿ ಇದ್ದಾಗ ಇಳಿಯಬೇಡಿ, ಮಾತ್ರೆ ನುಂಗಿಯೂ ಇಳಿಯಬೇಡಿ. ಮೂಗು ಬಿಡಿಸುವ ಮಾತ್ರೆಯ ಪ್ರಭಾವ ನೀರಿನಡಿಯಲ್ಲೇ ಇಳಿದುಹೋದರೆ, ಒಳಗೆ ಸಿಕ್ಕಿಬಿದ್ದ ಗಾಳಿ ನೀವು ಮೇಲೇರುವಾಗ ಹಿಗ್ಗಿ ಕಿವಿಗೆ ಪೆಟ್ಟು ಕೊಡುತ್ತದೆ.

2. ಸಿಲಿಂಡರ್ ಗಾಳಿ ಎಳೆಯುವಾಗ ಉಸಿರು ಕಟ್ಟಬೇಡಿ. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶ ಹರಿಯಬಹುದು.

3. ‘ಸ್ಕೂಬಾ ಆಗದಿದ್ದರೆ ಸ್ನಾರ್ಕೆಲಿಂಗ್’ ಎಂದುಕೊಳ್ಳಬೇಡಿ. ಹೃದಯ ಅಥವಾ ಉಸಿರಾಟದ ತೊಂದರೆಯಿಂದ ವೈದ್ಯರು ಸ್ಕೂಬಾ ಬೇಡವೆಂದಿದ್ದರೆ, ಅಲೆಗಳ ನಡುವೆ ಕಾಲು ಬಡಿಯುವ ಶ್ರಮವೂ ಆ ತೊಂದರೆಯನ್ನೇ ಕೆಣಕುತ್ತದೆ. ಅದಕ್ಕೂ ಬೇರೆಯಾಗಿ ವೈದ್ಯರನ್ನು ಕೇಳಿ. ಯಾರೇ ಆಗಲಿ ಲೈಫ್ ಜಾಕೆಟ್ ಬಿಚ್ಚಬಾರದು, ಒಂಟಿಯಾಗಿ ದೂರ ಹೋಗಬಾರದು.

4. ಅದೇ ಸಂಜೆ ಘಟ್ಟ ಹತ್ತಬೇಡಿ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಮೆಲ್ಲಗೆ ಹೊರಹೋಗಬೇಕು. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಒಂದೇ ಡೈವ್ ಆದರೆ 12 ಗಂಟೆ, ಹೆಚ್ಚಾದರೆ 18 ಗಂಟೆ ಕಾಯಬೇಕೆಂಬುದು ನಿಯಮ. ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ರಸ್ತೆಯಲ್ಲಿ ಹೋಗುವವರೂ ಇದನ್ನೇ ಪಾಲಿಸುವುದು ಸುರಕ್ಷಿತ. ಬೆಂಗಳೂರು ಇರುವುದು 900 ಮೀಟರ್‌ಗೂ ಮೇಲೆ. ಎರಡು ಡೈವ್ ಮುಗಿಸಿ ಮಧ್ಯಾಹ್ನ 12ಕ್ಕೆ ಮೇಲೆ ಬಂದವರು ಮರುದಿನ ಬೆಳಿಗ್ಗೆ 6ರ ನಂತರವೇ ಘಟ್ಟ ಹತ್ತಲಿ. ರಾತ್ರಿ ಮುರ್ಡೇಶ್ವರದಲ್ಲೇ ತಂಗಲು ಕೋಣೆಯನ್ನು ಡೈವ್ ಜೊತೆಗೇ ಬುಕ್ ಮಾಡಿ.

5. ಆಮೇಲೆ ಬರುವ ನೋವನ್ನು ‘ಸುಸ್ತು’ ಎಂದು ತಳ್ಳಿಹಾಕಬೇಡಿ. ಕೀಲುನೋವು, ಜೋಮು, ತಲೆಸುತ್ತು, ಎದೆನೋವು ಕಂಡರೆ ತಕ್ಷಣ ಆಪರೇಟರ್‌ಗೆ ಫೋನ್ ಮಾಡಿ, ಆಕ್ಸಿಜನ್ ಕೊಡಿಸಿ, ಆಸ್ಪತ್ರೆಗೆ ಹೋಗಿ. ಎಷ್ಟು ಆಳಕ್ಕೆ ಇಳಿದಿರಿ, ಎಷ್ಟು ಹೊತ್ತಿಗೆ ಮೇಲೆ ಬಂದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಹೇಳದೆ ಇದ್ದರೆ ಅವರಿಗೆ ಅದು ಸಾಧಾರಣ ಮೈಕೈ ನೋವಿನಂತೆಯೇ ಕಾಣಬಹುದು.