ಹತ್ತು ನಿಮಿಷದ ಭೇಟಿಗೆ ಒಂದು ಅರ್ಜಿ

ಮೆಳವಂಕಿಯ ತಮ್ಮಾ,

ತಹಶೀಲ್ದಾರರಿಗೆ ಕೊಡಬೇಕೆಂದು ನೀನು ಬರೆದ ಅರ್ಜಿ ಓದಿದೆ. ‘ಹೊಳೆ ಬಂದು ಬಹಳ ಅನ್ಯಾಯವಾಗಿದೆ, ತುರ್ತಾಗಿ ಭೇಟಿಗೆ ಅವಕಾಶ ಕೊಡಬೇಕು’ ಅಂತ ಬರೆದಿದ್ದೀ. ತಾಲೂಕು ಕಚೇರಿಯೊಂದರ ಆವಕ ಮೇಜಿನಲ್ಲಿ ವರ್ಷಗಟ್ಟಲೆ ಕೂತವನು ನಾನು. ಇಂಥ ಅರ್ಜಿಗೆ ಮುದ್ರೆ ಬೀಳುತ್ತದೆ, ನಂಬರು ಬೀಳುತ್ತದೆ, ಕಡತಕ್ಕೆ ಹೋಗುತ್ತದೆ. ನಾಳೆ ಬಂದರೆ ಏನು ಕೆಡುತ್ತದೆ ಅನ್ನುವುದು ಅದರಲ್ಲಿ ಎಲ್ಲಿಯೂ ಇಲ್ಲ.

2019ರ ಆಗಸ್ಟ್ ನಿನಗೂ ನೆನಪಿದೆ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯದ ನೀರೂ ಕೂಡಿ ಘಟಪ್ರಭೆ ಉಕ್ಕಿತು, ಲೋಳಸೂರ ಸೇತುವೆ ಮುಳುಗಿತು. ಆಮೇಲೆ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾದದ್ದು ಎ, ಕಾಲು ಪಾಲಿನಿಂದ ಮುಕ್ಕಾಲಿನವರೆಗೆ ಬಿ, ಅದಕ್ಕೂ ಕಡಿಮೆ ಇದ್ದದ್ದು ಸಿ. ಮನೆ ಮರಳಿ ಕಟ್ಟಿಕೊಳ್ಳಲು ಆಗ 5 ಲಕ್ಷ ಸಿಕ್ಕಿತು, ಸಿ ಮನೆಗೆ 50 ಸಾವಿರ. ಒಂದು ಅಕ್ಷರದಲ್ಲಿ ಅಷ್ಟು ಅಂತರ.

ಮಣ್ಣಿನ ಗೋಡೆ ನೀರು ನಿಂತ ದಿನವೇ ಬೀಳುವುದಿಲ್ಲ. ನೀರು ಇಳಿದ ಮೇಲೆ ತಳ ಕರಗಿ, ಬಿಸಿಲಿಗೆ ಬಿರುಕು ಬಿಟ್ಟು, ನಾಲ್ಕೈದು ದಿನಕ್ಕೆ ಕುಸಿಯುತ್ತದೆ. ಈ ಸಲದ ಹೊಳೆಯ ಮೇಲೆ ಪಂಚನಾಮೆಗೆ ಬಂದವರು ನಿಮ್ಮ ಮನೆ ನಿಂತಿದ್ದಾಗ ನೋಡಿ ಸಿ ಬರೆದುಕೊಂಡು ಹೋದರು. ಹಿಂದಿನ ಗೋಡೆ ಬಿದ್ದದ್ದು ನಿನ್ನೆ ರಾತ್ರಿ. ಬಿದ್ದ ಮನೆಗಳ ಯಾದಿ ಜಿಲ್ಲೆಗೆ ಹೋಗುವುದು ಇವತ್ತು ಸಂಜೆ. ನಿನ್ನ ಅರ್ಜಿಯ ಜೀವ ಇದೇ, ಅದನ್ನೇ ನೀನು ಬಿಟ್ಟಿದ್ದೀ.

ಹೀಗೆ ಬರೆ:

‘ವಿಷಯ: ಮೆಳವಂಕಿ ಮನೆ ನಂಬರು (ಇಲ್ಲಿ ನಂಬರು), ಮರು ಪರಿಶೀಲನೆಗೆ ಇಂದೇ 10 ನಿಮಿಷದ ಭೇಟಿ. ಸಮೀಕ್ಷೆಯಲ್ಲಿ ಸಿ ಎಂದು ದಾಖಲಾದ ನಮ್ಮ ಮನೆಯ ಹಿಂದಿನ ಗೋಡೆ, ಅದರ ಮೇಲಿದ್ದ ಮಾಳಿಗೆ ನಿನ್ನೆ ರಾತ್ರಿ ಕುಸಿದಿವೆ. ಯಾದಿ ಇಂದು ಸಂಜೆ ಹೋಗುತ್ತದೆ, ಆಮೇಲೆ ತಿದ್ದುವುದು ಕಷ್ಟ. ಉಳಿದ ಗೋಡೆ ಬಾಗಿದೆ, ಅದನ್ನು ಕೆಡವಲೇಬೇಕು. ಕೆಡವಿದರೆ ನೋಡಲು ಏನೂ ಉಳಿಯುವುದಿಲ್ಲ. ಕೇಳಿಕೆ ಒಂದೇ: ಮಧ್ಯಾಹ್ನದೊಳಗೆ ಎಂಜಿನಿಯರ್ ಮತ್ತು ಗ್ರಾಮ ಆಡಳಿತ ಅಧಿಕಾರಿ ಸ್ಥಳ ನೋಡಲು ಆದೇಶಿಸಬೇಕು. ಫೋಟೊ ಲಗತ್ತಿಸಿದೆ.’

ಪರಿಹಾರ ಇಷ್ಟೇ ಕೊಡಿ ಅನ್ನಬೇಡ. ಅದು ಈ ಭೇಟಿಯಲ್ಲಿ ತೀರ್ಮಾನವಾಗುವ ಮಾತಲ್ಲ, ಕೇಳಿದರೆ ನಿಜವಾದ ಕೇಳಿಕೆ ಅದರಡಿ ಮುಚ್ಚಿಹೋಗುತ್ತದೆ. ಎಂಜಿನಿಯರ್ ನೋಡಿ ಹೋಗಲಿ, ಅಕ್ಷರ ತಾನೇ ಬದಲಾಗಬಹುದು. ಅವರು ನೋಡಿಯೂ ಸಿ ಅಂದರೆ ಅದು ಬೇರೆ ಅರ್ಜಿ.

ಕಚೇರಿ ತೆರೆಯುತ್ತಿದ್ದಂತೆ ಎರಡು ಪ್ರತಿ ಒಯ್ಯಿ. ಒಂದರ ಮೇಲೆ ಆವಕ ಸಂಖ್ಯೆ, ವೇಳೆ ಬರೆಸಿಕೋ. ಸಾಹೇಬರು ಹೊಳೆದಂಡೆಗೆ ಹೋಗಿದ್ದರೆ ಕಾಯುತ್ತ ಕೂಡಬೇಡ, ಶಿರಸ್ತೇದಾರರಿಗೆ ತೋರಿಸಿ ಫೋನಿನಲ್ಲಿ ಹೇಳಿಸು.

ಎಂಜಿನಿಯರ್ ಬರುವತನಕ ಬಿದ್ದ ಮಣ್ಣು ಎತ್ತಬೇಡ. ಆದರೆ ಬಾಗಿದ ಗೋಡೆಯ ಕಡೆ ಅವ್ವನನ್ನು ಮಲಗಿಸಬೇಡ, ಇವತ್ತು ರಾತ್ರಿ ಶಾಲೆಗೆ ಕರೆದುಕೊಂಡು ಹೋಗು.

ನಿನ್ನ ಕಾಕಾ