ಫೋಟೊದಲ್ಲಿ ಇಲ್ಲದ ಉತ್ತರ

ಮಕ್ಕಳೇ, ಸೊಲ್ಲಾಪುರದ ಗೆಳತಿ ಗದ್ಯಭಾಗದ ಎರಡು ಪುಟಗಳಲ್ಲಿ ಮೊದಲನೆಯದರ ಫೋಟೊ ಅಷ್ಟೇ ಅಕ್ಕಲಕೋಟಕ್ಕೆ ಕಳಿಸಿದಳು ಅಂತ ಇಟ್ಟುಕೊಳ್ಳಿ. ಕೊನೆಯ ಸಾಲುಗಳನ್ನು ನೋಡಿ: “ಮೈಲುತುತ್ತದ ದ್ರಾವಣದಲ್ಲಿಟ್ಟ ಕಬ್ಬಿಣದ ಮೊಳೆಯ ಮೇಲೆ ಕೆಂಪುಕಂದು ಪದರ ಬಂತು. ಬೆಳ್ಳಿಯ ತಂತಿ ಇಟ್ಟ ಎರಡನೇ ಪ್ರನಾಳದಲ್ಲಿ ಮಾತ್ರ”. ಕೊನೆಗೆ ಕ್ರಿಯಾಪದವೇ ಇಲ್ಲ, ಅಂದರೆ ಮಾತು ಮುಂದಿನ ಪುಟದಲ್ಲಿದೆ.

ಈಗ ಪ್ರಶ್ನೆಗಳು. ಪದರದ ಬಣ್ಣ ಯಾವುದು? ಫೋಟೊದಲ್ಲೇ ಇದೆ. ಅದು ಯಾಕೆ ಬಂತು? ಇದು ನಿಮ್ಮ ಪಾಠದಿಂದ: ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ದ್ರಾವಣದಿಂದ ತಾಮ್ರವನ್ನು ಹೊರಹಾಕುತ್ತದೆ. ಬೆಳ್ಳಿಯ ತಂತಿಯನ್ನು ಎಷ್ಟು ಹೊತ್ತು ಇಟ್ಟಿದ್ದರು? ಬೆಳ್ಳಿ ತಾಮ್ರವನ್ನು ಹೊರಹಾಕದು ಅಂತ ಗೊತ್ತಿದ್ದರೂ ಹೊತ್ತನ್ನು ಊಹಿಸಲಾಗದು. ಜಾಗ ಖಾಲಿ ಬಿಡಿ, ಎರಡನೇ ಪುಟ ತರಿಸಿಕೊಳ್ಳಿ.