ಚೀಲಕ್ಕೆ ಹದಿನೈದು ರೂಪಾಯಿ ಬಿಟ್ಟರೆಂದು ಲಾರಿ ತುಂಬಬೇಡಿ

ಕೂಡ್ಲಿಗಿಯಲ್ಲಿ ಹಿಂಡಿ ಅಂಗಡಿ ಇಟ್ಟವರಿಗೊಂದು ಮಾತು. ನಿಮ್ಮಲ್ಲಿ ವರ್ಷಕ್ಕೆ 1,200 ಚೀಲ ಹೋಗುತ್ತದೆ ಅಂದುಕೊಳ್ಳಿ. ಒಮ್ಮೆ ಮಾಲು ತರಿಸಲು ಗಾಡಿ, ಹಮಾಲಿ ಸೇರಿ 750 ರೂಪಾಯಿ. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದೂವರೆ.

ಚೀಲಕ್ಕೆ 1,000 ರೂಪಾಯಿ ದರದಲ್ಲಿ ಒಂದು ಸಲಕ್ಕೆ 100 ಚೀಲ ತರಿಸುವುದೇ ಲೆಕ್ಕಕ್ಕೆ ಸರಿ. ಆಗ ವರ್ಷದ ಗಾಡಿ ಖರ್ಚು 9,000, ಬಡ್ಡಿಯೂ 9,000. ಮಾಲಿನ ಹಣ ಕೂಡಿದರೆ ಒಟ್ಟು 12,18,000.

ಡೀಲರ್ ಎರಡು ಆಸೆ ತೋರಿಸುತ್ತಾನೆ: 200 ತಗೊಂಡರೆ 990, 500 ತಗೊಂಡರೆ 985.

200ಕ್ಕೆ ಒಟ್ಟು 12,10,320. ಬಡ್ಡಿ ಏರಿದರೂ ಉಳಿತಾಯವಿದೆ, ತಗೊಳ್ಳಿ. 500ಕ್ಕೆ? ಮಾಲಿನ ಹಣವೇನೋ 11,82,000ಕ್ಕೆ ಇಳಿಯಿತು, ಗಾಡಿಗೂ 1,800 ಸಾಕು. ಆದರೆ ಗೋದಾಮಿನಲ್ಲಿ ಸರಾಸರಿ 250 ಚೀಲ ಕೂತು 44,325 ಬಡ್ಡಿ ತಿನ್ನುತ್ತವೆ. ಒಟ್ಟು 12,28,125. ರಿಯಾಯಿತಿ ಇಲ್ಲದೆ ಕೊಂಡಿದ್ದಕ್ಕಿಂತ ಹತ್ತು ಸಾವಿರ ಹೆಚ್ಚು!

ಮಳೆಗಾಲದ ಬೂಷ್ಟನ್ನು ಇದರಲ್ಲಿ ಹಿಡಿದೇ ಇಲ್ಲ. ಹಡಗಲಿಯಲ್ಲೋ ಕೊಟ್ಟೂರಲ್ಲೋ ನಿಮ್ಮ ಗಾಡಿ ಬಾಡಿಗೆ, ಬಡ್ಡಿ ಬೇರೆ ಇರಬಹುದು. ಪ್ರತಿ ದರಕ್ಕೂ ಮಾಲಿನ ಹಣ, ಗಾಡಿ, ಬಡ್ಡಿ ಮೂರನ್ನೂ ಕೂಡಿಸಿ ನೋಡಿಯೇ ಆರ್ಡರ್ ಕೊಡಿ.